ತಲುಪಿದ ಕಾಗದ ಬರುವವರೆಗೆ

ಹನುಮಂತನಗರದ ನಮ್ಮ ಅಡ್ಡರಸ್ತೆಯಲ್ಲಿ ಧೂಳಿಗೆ ಇದ್ದ ಒಬ್ಬರೇ ಶತ್ರು ರತ್ನತ್ತೆ. ದಿನಕ್ಕೆ ನಾಲ್ಕು ಸಲ ಮನೆ ಗುಡಿಸುತ್ತಿದ್ದರು ಎಂದು ನನ್ನ ನೆನಪು. ಆರು ಸಲ ಎಂದು ನಮ್ಮಮ್ಮನದು. ಐದಕ್ಕೆ ರಾಜಿ ಮಾಡಿಕೊಂಡು ಮುಂದುವರಿಯುತ್ತೇನೆ. ಅವರು ನಮಗೆ ನಂಟರಲ್ಲ, ಪಕ್ಕದ ಮನೆಯವರು. ಅತ್ತೆ ಅನ್ನುತ್ತಿದ್ದೆ, ಅಷ್ಟೆ. ಅವರ ಮನೆಯೊಳಗೆ ಕಾಲಿಟ್ಟರೆ ಮೊದಲು ಅವರ ಕಣ್ಣು ಬೀಳುತ್ತಿದ್ದದ್ದು ನಮ್ಮ ಪಾದದ ಮೇಲೆ, ಮುಖದ ಸರದಿ ಆಮೇಲೆ. "ಕಸಕ್ಕೇನು ಕಾಲಿದ್ಯಾ? ನಿಮ್ಮಂಥೋರೇ ಹೊತ್ಕೊಂಡು ಬರ್ಬೇಕು" ಅನ್ನುತ್ತಿದ್ದರು. ಅವರ ಮಟ್ಟಿಗೆ ಅದು ಸ್ವಾಗತ.

ಇಂಥವರು ಒಂದು ಕೋಣೆಯನ್ನು ಎಂಟು ತಿಂಗಳು ಗುಡಿಸಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಮಗ ಆಗಲೇ ಭಿಲಾಯಿಯ ಉಕ್ಕಿನ ಕೆಲಸಕ್ಕೆ ಹೋಗಿದ್ದ. ಅವನು ಹೊರಟಾಗ ರತ್ನತ್ತೆ ಎರಡು ದಿನ ಅತ್ತು, ಮೂರನೆಯ ದಿನ ಅವನ ಹಾಸಿಗೆ ಬಿಸಿಲಿಗೆ ಹಾಕಿದ್ದರು. ಮನೆಯಲ್ಲಿ ಇನ್ನೂ ಮಗಳು ಸುಶೀಲ ಇದ್ದಳು. ಆಮೇಲೆ ಸುಶೀಲಳೂ ಡಾಕ್ಟರಿಕೆ ಓದಲು ಹುಬ್ಬಳ್ಳಿಗೆ ಹೊರಟಳು. ಜಟಕಾ ಗಾಡಿಗೆ ಟ್ರಂಕು ಏರಿಸಿದವನು ನಾನೇ. ಅಥವಾ ಬೇರೆ ಯಾರೋ ಏರಿಸುವುದನ್ನು ನೋಡಿ ಕೈ ಕೊಡವಿಕೊಂಡವನು ನಾನು. ಗಾಡಿ ತಿರುವು ದಾಟಿದ ಮೇಲೆ ಶಾಮಣ್ಣನವರು, ಎಂದರೆ ರತ್ನತ್ತೆಯ ಯಜಮಾನರು, ಸುಶೀಲಳ ಕೋಣೆಯಲ್ಲಿ ಬಿದ್ದಿದ್ದ ಹಗ್ಗದ ಚೂರು, ಕಾಗದದ ಚೂರು ನೋಡಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಪೊರಕೆ ಮುಟ್ಟಿದರು.

"ಕೆಳಗಿಡೀಂತ ಹೇಳಪ್ಪ," ಎಂದರು ರತ್ನತ್ತೆ ನನ್ನ ಕಡೆ ತಿರುಗಿ. "ಹೋದೋರ ಹಿಂದೇನೇ ಗುಡಿಸ್ತಾರಾ? ತಲುಪಿದ ಕಾಗದ ಬರ್ಲಿ."

ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ: ಹೋದ ಕೂಡಲೇ ಗುಡಿಸುವುದು ಹೆಣ ಹೊರಟ ಮನೆಯಲ್ಲಿ ಮಾತ್ರ. ಪೊರಕೆ ಕೆಳಗಿಳಿಯಿತು.

ಐದನೆಯ ದಿನ ಕಾಗದ ಬಂತು. "ಸುಖವಾಗಿ ತಲುಪಿದೆ. ಹಾಸ್ಟೆಲಿನಲ್ಲಿ ಸದ್ಯಕ್ಕೆ ಬೇರೆಯವರ ಕೋಣೆಯಲ್ಲಿದ್ದೇನೆ." ರತ್ನತ್ತೆ ಅದನ್ನು ಎರಡು ಸಲ ಓದಿ, "ಸದ್ಯಕ್ಕೆ ಅಂದ್ರೆ ತಲುಪಿಲ್ಲ ಅಂತ ಅರ್ಥ" ಎಂದು ತೀರ್ಪು ಕೊಟ್ಟರು. ಕೋಣೆ ಸಿಕ್ಕಿತು ಎಂಬ ಕಾಗದ ಬಂದಾಗ, ಊಟ ಒಗ್ಗುತ್ತಿಲ್ಲ ಎಂಬ ಸಾಲು ಅದರಲ್ಲೇ ಇತ್ತು. "ಬರೀ ಟ್ರಂಕು ತಲುಪಿದೆ." ಮುಂದೆ ಜ್ವರ, ಆಮೇಲೆ ಪರೀಕ್ಷೆ. ವಕೀಲರು ಇಷ್ಟು ವಾಯಿದೆ ಕೇಳಿದ್ದರೆ ನ್ಯಾಯಾಧೀಶರು ಓಡಿಸುತ್ತಿದ್ದರು. ಇಲ್ಲಿ ಸುಶೀಲಳ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಧೂಳು ಸುಖವಾಗಿ ತಲುಪಿತು.

ಬೀದಿಯ ಹೆಂಗಸರು ಸಮಾಧಾನ ಹೇಳಲು ಸಾಲುಗಟ್ಟಿ ಬಂದರು. ಮಗಳು ಡಾಕ್ಟರಾಗ್ತಾಳೆ, ಹೆಮ್ಮೆ ಪಡಿ ಎಂದರು. "ಪಡ್ತಾ ಇದೀನಲ್ಲ. ಹೆಮ್ಮೆಗೆ ಜಡೆ ಹೆಣೆಯಕ್ಕಾಗತ್ತೇನ್ರೀ?" ಎಂದರು ರತ್ನತ್ತೆ. ಹೆಣ್ಣುಮಕ್ಕಳು ಯಾವತ್ತಿದ್ದರೂ ಹೋಗೋರೇ ಎಂದು ಯಾರೋ ಅಂದಾಗ ಮಾತ್ರ ಅವರ ದನಿ ಇಳಿಯಿತು. "ಮದ್ವೆ ಮಾಡಿ ಕಳ್ಸಿದ್ರೆ ಮಡಿಲಕ್ಕಿ ಇದೆ, ಹಾಡಿದೆ, ಜೊತೇಲಿ ಅಳೋಕೆ ಇಷ್ಟು ಜನ ಇರ್ತಾರೆ. ಓದಕ್ಕೆ ಹೋದೋಳಿಗೆ ಅಳೋಕೆ ಒಂದು ಹಾಡೂ ಮಾಡಿಟ್ಟಿಲ್ವಲ್ಲ, ನಮ್ಮ ಹಿಂದಿನೋರು."

ಜಡೆಯ ಮಾತು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಎಂಟಕ್ಕೆ ಹಿಂದಿನ ಮೆಟ್ಟಿಲ ಮೇಲೆ ಮಗಳನ್ನು ಕೂರಿಸಿಕೊಂಡು ಎರಡು ಜಡೆ ಹಾಕುವುದು ಹತ್ತು ವರ್ಷದ ಅಭ್ಯಾಸ. ಸುಶೀಲ ಹೋದ ಮೇಲೂ ಎಂಟಕ್ಕೆ ಅದೇ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಕೂತ ಮೇಲೆ ಯಾಕೆ ಕೂತೆ ಎಂದು ಹೊಳೆದು, ಕೆಲಸವಿದ್ದವರಂತೆ ಎದ್ದು ಹೋಗುತ್ತಿದ್ದರು. ಸಂಜೆ ನಾಲ್ಕಕ್ಕೆ ಒಂದು ಲೋಟ ಕಾಫಿ ಹೆಚ್ಚಾಗುತ್ತಿತ್ತು. ಅದು ಕಾಂಪೌಂಡು ದಾಟಿ ನನಗೆ ಬರುತ್ತಿತ್ತು. ಮುಖದ ಮೇಲೆ ದುಃಖ ಹೊದ್ದುಕೊಂಡು ಕುಡಿಯುತ್ತಿದ್ದೆ. ಕಾಫಿ ಚೆನ್ನಾಗಿರುತ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಗಂಡಹೆಂಡತಿ ಇಪ್ಪತ್ತು ವರ್ಷ ಮಕ್ಕಳ ಮೂಲಕವೇ ಮಾತಾಡಿದ್ದರು. "ನಿಮ್ಮಪ್ಪನಿಗೆ ಊಟಕ್ಕೆ ಕರಿ." "ನಿಮ್ಮಮ್ಮನಿಗೆ ಹೇಳು, ಕೊಡೆ ಎಲ್ಲಿ?" ಮಕ್ಕಳು ಹೋದ ಮೇಲೆ ಟೆಲಿಗ್ರಾಫ್ ತಂತಿ ಕಡಿದಂತಾಯಿತು. ಆ ಹುದ್ದೆ ನನ್ನ ಹೆಗಲಿಗೆ ಬಂತು. "ಸಾರು ಆರ್ತಾ ಇದೆ ಅಂತ ಹೇಳಪ್ಪಾ" ಎಂದು ರತ್ನತ್ತೆ ಕಾಂಪೌಂಡಿನಿಂದ ಕೂಗುವರು. ಶಾಮಣ್ಣನವರು ಅವರಿಂದ ನಾಲ್ಕೇ ಅಡಿ ದೂರದಲ್ಲಿ ಪೇಪರು ಹಿಡಿದು ಕೂತಿರುವರು. ನಾನು ನಮ್ಮ ಕಿಟಕಿಯಿಂದ, "ಸಾರ್, ಸಾರು ಆರ್ತಾ ಇದ್ಯಂತೆ" ಅನ್ನುವೆ. "ಬಂದೆ ಅಂತ ಹೇಳು," ಎನ್ನುವರು ಅವರು.

ಬೇಸಗೆ ರಜಕ್ಕೆ ಸುಶೀಲ ಬಂದಳು. ಬಂದ ಮರುದಿನ ಬೆಳಿಗ್ಗೆ, ರತ್ನತ್ತೆ ಗುಡ್ಡದ ದೇವಸ್ಥಾನಕ್ಕೆ ಹೋಗಿದ್ದಾಗ, ಕೋಣೆಯ ಸ್ಥಿತಿ ನೋಡಿ ಸೆರಗು ಸಿಕ್ಕಿಸಿ ಇಡೀ ಕೋಣೆ ಗುಡಿಸಿಬಿಟ್ಟಳು. ಹಾಸ್ಟೆಲು ಕಲಿಸಿದ ವಿದ್ಯೆ. ರತ್ನತ್ತೆ ಹಣ್ಣುಕಾಯಿ ಹಿಡಿದು ಬರುವಾಗ ಕಸದ ಗುಡ್ಡೆ ಬಾಗಿಲಿಗೆ ಬಂದಿತ್ತು. ಎಂದಿನಂತೆ ಯಾವುದೋ ಸಂದೇಶ ಹೊತ್ತು ನಾನೂ ಅಲ್ಲೇ ನಿಂತಿದ್ದೆ.

"ಯಾರು ಹೋದ್ರೂಂತ ಗುಡಿಸ್ತಿದೀಯೆ?"

"ಯಾರೂ ಹೋಗಿಲ್ಲಮ್ಮ. ನಾನು ಹುಬ್ಬಳ್ಳಿ ತಲುಪಿ ಎಂಟು ತಿಂಗಳಾಯ್ತು. ನೀನೇ ಇನ್ನೂ ತಲುಪ್ಸಿಲ್ಲ ನನ್ನ."

ರತ್ನತ್ತೆ ಹಣ್ಣುಕಾಯಿ ಕೆಳಗಿಟ್ಟರು. ಕೂತು ಗುಡ್ಡೆಯನ್ನು ಬೆರಳಲ್ಲಿ ಕೆದಕಿದರು. ಎರಡು ಹೇರ್‌ಪಿನ್ನು, ಕೂದಲಿನ ಉಂಡೆ, ಕೆಂಪು ಟೇಪಿನ ತುಂಡು. ಆಮೇಲೆ ಅವರ ಕೈ ನಿಂತಿತು. ಗುಡ್ಡೆಯ ತುಂಬ ಅಡಕೆ ಚೂರು. ಒಂದೆರಡಲ್ಲ, ತಿಂಗಳುಗಟ್ಟಲೆಯದು. ಆ ಮನೆಯಲ್ಲಿ ಅಡಕೆ ಹಾಕುತ್ತಿದ್ದವರು ಒಬ್ಬರೇ.

ರತ್ನತ್ತೆ ತಲೆ ಎತ್ತಿದರು. ನನ್ನನ್ನೂ ಮಗಳನ್ನೂ ದಾಟಿ, ಜಗುಲಿಯಲ್ಲಿದ್ದ ಗಂಡನನ್ನು ನೇರವಾಗಿ ನೋಡಿದರು.

"ನೀವೂ ಬಂದು ಕೂತ್ಕೋತಿದ್ರಾ ಇಲ್ಲಿ?"

ಶಾಮಣ್ಣನವರು ಪೇಪರು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಶನಿವಾರ. ನೀನು ದೇವಸ್ಥಾನಕ್ಕೆ ಹೋದಾಗ."

"ಹೇಳ್ಬಾರ್ದಿತ್ತಾ?"

"ಯಾರ ಕೈಲಿ ಹೇಳ್ಸೋದು?"

ಆಗ ರತ್ನತ್ತೆ ನಕ್ಕರು. ಅತ್ತರು ಎಂದು ಸುಶೀಲ ಮುಂದೆ ವಾದಿಸಿದಳು. ಇದರಲ್ಲಿ ರಾಜಿ ಸಾಧ್ಯವಿಲ್ಲ. ನನ್ನ ಹುದ್ದೆ ಹೋದದ್ದಂತೂ ಖಂಡಿತ: ಅಂದಿನ ಊಟಕ್ಕೆ ಅವರು ಗಂಡನನ್ನು ತಾವೇ ಕರೆದರು. ರಜ ಮುಗಿದು ಸುಶೀಲ ಹೊರಟಾಗ ಕೋಣೆ ಮತ್ತೆ ಮುಚ್ಚಿತು. ಐದನೆಯ ದಿನ ಕಾಗದ ಬಂತು, ಅದರಲ್ಲಿ ಊಟದ ದೂರೂ ಇತ್ತು. ರತ್ನತ್ತೆ ಓದಿ, ಮಡಿಸಿಟ್ಟು, ಪೊರಕೆ ತೆಗೆದುಕೊಂಡರು. ನಾಲ್ಕರ ಕಾಫಿ ನನಗೆ ಬರುವುದು ನಿಂತಿತು. ಸುಖಾಂತ್ಯಗಳಲ್ಲಿ ಒಬ್ಬರಿಗಾದರೂ ನಷ್ಟ ಇರುತ್ತದೆ.

ಮರುವರ್ಷ ನಾನೂ ಕೆಲಸ ಹುಡುಕಿ ಬೊಂಬಾಯಿಗೆ ಹೊರಟೆ. ರತ್ನತ್ತೆ ಬಾಗಿಲಿಗೆ ಬಂದು, ಮೊದಲು ನನ್ನ ಪಾದ ನೋಡಿ, ಆಮೇಲೆ ಮುಖ ನೋಡಿ, "ಕಾಗದ ಹಾಕು" ಎಂದರು. ಅದೇ ಕೊನೆ. ಎರಡು ವರ್ಷ ಬಿಟ್ಟು ನಾನು ಬರುವ ಹೊತ್ತಿಗೆ ಶಾಮಣ್ಣನವರಿಗೆ ನಿವೃತ್ತಿಯಾಗಿ, ಇಬ್ಬರೂ ಮಗನ ಭಿಲಾಯಿಗೆ ಹೋಗಿದ್ದರು. ಅವರ ಮನೆಯಲ್ಲಿ ಬೇರೆ ಯಾರೋ ಇದ್ದರು, ಜಗುಲಿಯ ತುಂಬ ಕಸ.

ಉಳಿದದ್ದನ್ನು ಅಮ್ಮ ಹೇಳಿದಳು. ನಾನು ಹೊರಟ ಸಂಜೆ ಅವಳು ನನ್ನ ಮೂಲೆ ಗುಡಿಸಲು ಬಗ್ಗಿದಾಗ, ರತ್ನತ್ತೆ ಬಂದು ಪೊರಕೆ ಕಿತ್ತುಕೊಂಡು ತಮ್ಮ ಮನೆಗೇ ಒಯ್ದರಂತೆ. ನಾನು, ಮಹಾಶಯ, ಕಾರ್ಡು ಹಾಕಿದ್ದು ತಿಂಗಳು ಕಳೆದ ಮೇಲೆ. ಅಷ್ಟೂ ದಿನ ದಿನವೂ ಬಂದು "ಬಂತಾ?" ಎಂದು ಕೇಳುತ್ತಿದ್ದರಂತೆ. ಕಾರ್ಡು ಬಂದ ದಿನ ಅದನ್ನು ಅಮ್ಮನ ಕೈಯಿಂದ ಇಸಿದುಕೊಂಡು ತಾವೇ ಓದಿ, "ಸರಿ, ತಲುಪಿದಾನೆ" ಎಂದು ನನ್ನ ಮೂಲೆಯನ್ನು ತಾವೇ ಗುಡಿಸಿಕೊಟ್ಟರಂತೆ.

ಆ ಕಾರ್ಡು ಬರೆದಾಗ ನನಗೆ ಕೆಲಸವಿರಲಿಲ್ಲ, ಕೋಣೆಯಿರಲಿಲ್ಲ. ಯಾರದೋ ವರಾಂಡದಲ್ಲಿ ಟ್ರಂಕಿನ ಮೇಲೆ ಇಟ್ಟುಕೊಂಡು ಬರೆದೆ: ಸುಖವಾಗಿ ತಲುಪಿದೆ. ಸದ್ಯಕ್ಕೆ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೆ.