ಎರಡು ಸಲ ವಾಪಸಾದ ಮುಂಗಡದ ಚೆಕ್ಕು

ಮೊದಲ ಸಂದೇಶ ಬಂದಾಗ ನಾನು ಗೋಕಾಕದ ಒಂದು ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುಳಿತಿದ್ದೆ ಎಂದು ನೆನಪು. ಹೆಂಡತಿ ಮಾತ್ರ, ಆ ಹೊತ್ತಿಗೆ ನೀವು ಮನೆಯಲ್ಲೇ ಚಹಾ ಕುಡಿಯುತ್ತಿದ್ದಿರಿ ಎನ್ನುತ್ತಾಳೆ. ಸಂದೇಶ ಬಂದದ್ದಂತೂ ಸುಳ್ಳಲ್ಲ, ಅದು ಇನ್ನೂ ಮೊಬೈಲಿನಲ್ಲಿದೆ. ನಾನು ಜಮಾ ಮಾಡಿದ್ದ ಚೆಕ್ಕು ಹಣವಾಗದೆ ವಾಪಸಾಗಿದೆ ಎಂದು ಅದರಲ್ಲಿತ್ತು. ಅದರ ಬೆನ್ನಿಗೇ ಇನ್ನೊಂದು ಬಂತು. ಚೆಕ್ಕು ವಾಪಸಾದದ್ದಕ್ಕೆ ನನ್ನ ಖಾತೆಯಿಂದ ದಂಡ ಕತ್ತರಿಸಲಾಗಿತ್ತು.

ಚೆಕ್ಕು ಕೊಟ್ಟವರು ಮೂಡಲಗಿಯ ಕುರಿ ವ್ಯಾಪಾರಿ. ಅರವತ್ತು ದಾಟಿದವರು, ನಾನು ಕಾಕಾ ಎನ್ನುತ್ತಿದ್ದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ನನ್ನ ತಾಯಿಯಿಂದ ಬಂದ ಸಣ್ಣದೊಂದು ಹೊಲವಿತ್ತು. ಕುರಿ ಕೂಡಿಹಾಕಲು ಹಟ್ಟಿ ಕಟ್ಟಬೇಕು, ಮಳೆಗಾಲದೊಳಗೆ ಆಗಬೇಕು ಎಂದು ಕಾಕಾ ಅದನ್ನು ಕೇಳಿದ್ದರು. ಕರಾರು ಬರೆದೆವು. ಮುಂಗಡಕ್ಕೆ ಚೆಕ್ಕು, ಉಳಿದದ್ದು ನೋಂದಣಿಯ ದಿನ. ಚೆಕ್ಕು ಪಾಸಾಗದಿದ್ದರೆ ಕರಾರನ್ನು ರದ್ದು ಮಾಡುವ ಹಕ್ಕು ನನಗೆ ಎಂಬ ಸಾಲನ್ನು ನಾನೇ ಸೇರಿಸಿದ್ದೆ. ಕಾಕಾ ಅದನ್ನು ಓದಿಸಿಕೊಂಡು ಏನೂ ಅನ್ನದೆ ಸಹಿ ಹಾಕಿದ್ದರು. ಏನೂ ಅನ್ನದ ಮನುಷ್ಯನನ್ನು ನಾನು ಆಗಲೇ ಸ್ವಲ್ಪ ಅನುಮಾನಿಸಿದ್ದೆ.

ಬ್ಯಾಂಕಿಗೆ ಹೋದೆ. ಕೌಂಟರಿನ ಹೆಣ್ಣುಮಗಳು ಚೆಕ್ಕಿಗೆ ಒಂದು ಚೀಟಿ ಸೇರಿಸಿ ಕೊಟ್ಟಳು. ಕಾರಣ: ಖಾತೆಯಲ್ಲಿ ಸಾಕಷ್ಟು ಹಣವಿಲ್ಲ.

“ಅವ್ರ ಖಾತೇದಾಗ ರೊಕ್ಕ ಇಲ್ಲಂದ್ರ ನನಗ್ಯಾಕ ದಂಡ?” ಎಂದೆ.

“ಕಳಿಸಿ ವಾಪಸ್ ತರಸೋ ಖರ್ಚು ಅಂತ ಹಿಡೀತಾರ್ರಿ ಸರ. ಎಲ್ಲಾರಿಗೂ ಹಂಗ. ಚೆಕ್ ಕೊಟ್ಟಾವ್ರಿಗೆ ಅವ್ರ ಬ್ಯಾಂಕಿನವ್ರು ನಿಮಗಿಂತ ಜಾಸ್ತಿ ಹಾಕಿರ್ತಾರ.”

ಆಗ ನನ್ನ ಕಿವಿಗೆ ಬಿದ್ದದ್ದು “ನಿಮಗಿಂತ ಜಾಸ್ತಿ” ಎಂಬುದೊಂದೇ. ಅದರಿಂದ ಸಣ್ಣ ಸಮಾಧಾನವೂ ಆಯಿತು.

ಹೊರಗೆ ಬಂದು ಕಾಕಾಗೆ ಫೋನು ಮಾಡಿದೆ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

“ಕಾಕಾ, ಚೆಕ್ ವಾಪಸ್ ಬಂತಲ್ರಿ. ನನ್ನ ಖಾತೇದಾಗಿಂದ ದಂಡಾನೂ ಹಿಡದಾರ.”

“ಹಾಕಿಬಿಟ್ರೇನು? ಫೋನ್ ಮಾಡಿ ಹಾಕ್ರಿ ಅಂತ ಹೇಳಿದ್ದೆನಲ್ರಿ ಸರ.”

“ಯಾವಾಗ ಹೇಳಿದ್ರಿ?”

“ಗಾಡಿ ಹತ್ತೂ ಮುಂದ. ಬಾಗಿಲಾ ಹಿಡಕೊಂಡು ಹೇಳಿದ್ನಿ.”

ಕರಾರು ಬರೆದ ದಿನ ನಮ್ಮ ಮನೆಯ ಮುಂದೆ ಅವರು ಬಾಡಿಗೆ ಗಾಡಿಯ ಬಾಗಿಲು ಹಿಡಿದು ನಿಂತದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಏನೋ ಹೇಳಿದ್ದೂ ನೆನಪಿದೆ. ಅವರ ಬಾಯಿ ಅಲ್ಲಾಡುವುದು ಕಾಣುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಬಸವೇಶ್ವರ ಸರ್ಕಲ್ಲಿನ ಕಡೆ ಹೋಗುವ ದಾರಿ ಕೇಳಿದ್ದರೇ? ಊಟ ಮಾಡಿ ಹೋಗಿ ಎಂಬ ನಮ್ಮ ಮಾತಿಗೆ ಇನ್ನೊಮ್ಮೆ ಬರುತ್ತೇನೆ ಎಂದಿದ್ದರೇ? ಇತಿಹಾಸ ಓದುವಾಗ ಧಾರವಾಡದಲ್ಲಿ ನಮಗೆ ಕಲಿಸಿದ್ದು, ಲಾಭವಿರುವವನ ಸಾಕ್ಷಿಯನ್ನು ಎರಡು ಸಲ ನೋಡು ಎಂದು. ಇಲ್ಲಿ ಅವರಿಗೂ ಲಾಭವಿತ್ತು, ನನಗೂ ಇತ್ತು.

“ಆಡು ಮಾರಿದ ರೊಕ್ಕ ಬಂದಿದ್ದಿಲ್ಲ. ಈಗ ಬಂದೈತಿ. ನಾಳಿ ತುಂಬತೇನಿ, ನಾಡದ ಹಾಕ್ರಿ” ಎಂದರು ಕಾಕಾ.

ಅದೇ ಚೆಕ್ಕನ್ನು ಮತ್ತೆ ಹಾಕಬಹುದು ಎಂದು ಬ್ಯಾಂಕಿನಲ್ಲಿ ಹೇಳಿದ್ದರು. ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ದಾಟಿರಬಾರದು, ಅಷ್ಟೆ.

ಈ ನಡುವೆ ನನ್ನ ಸೋದರಮಾವನ ಮಗ ಬಂದ. ಹುಕ್ಕೇರಿಯವನು, ಜಾಗದ ದಲ್ಲಾಳಿ. ಆ ಹೊಲಕ್ಕೆ ಇನ್ನೊಬ್ಬ ಗಿರಾಕಿ ಇದ್ದಾನೆ, ರಸ್ತೆ ಬಾಜೂ ಗೋದಾಮು ಕಟ್ಟುವವನು, ಹೆಚ್ಚು ಕೊಡುತ್ತಾನೆ ಎಂದು ಅವನು ಮೊದಲೇ ಹೇಳಿದ್ದ. ಕರಾರಿಗೆ ಮೊದಲು ಹೇಳಿದನೋ ಆಮೇಲೆ ಹೇಳಿದನೋ, ಅದೂ ನನಗೆ ಈಗ ಖಚಿತವಿಲ್ಲ. ಕರಾರು ಆದಮೇಲೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

“ಚೆಕ್ ಬೌನ್ಸ್ ಆತು, ಕರಾರ ಮುಗೀತು. ಕರಾರಿನ್ಯಾಗ ನೀನ ಬರದ ಸಾಲು ಐತೆಲ್ಲೋ ಮಾರಾಯ” ಎಂದ.

“ಇನ್ನೊಮ್ಮೆ ಹಾಕ್ತೀನಿ ಅಂದೇನಿ.”

“ಹಾಕು. ನಿನಗ ಇನ್ನೊಂದು ದಂಡ ಕಟ್ಟೂ ಹೌಸಿ ಇದ್ರ ಹಾಕು.”

ಹಾಕಿದೆ. ಮರುದಿನ ಅದೇ ಎರಡು ಸಂದೇಶ, ಅದೇ ಕ್ರಮದಲ್ಲಿ. ಮತ್ತೆ ಖಾತೆಯಲ್ಲಿ ಹಣ ಸಾಲದು. ಮತ್ತೆ ನನಗೆ ದಂಡ.

ಒಂದು ಸಲವಾದರೆ ಮರೆವು ಎನ್ನಬಹುದು. ರೊಕ್ಕ ತುಂಬುತ್ತೇನೆ ಎಂದು ಹೇಳಿಯೂ ಚೆಕ್ಕು ವಾಪಸಾದರೆ ಏನೆನ್ನಬೇಕು? ಹೊಲವನ್ನು ಹೀಗೇ ಕಟ್ಟಿಹಾಕಿ ಬೆಲೆ ಇಳಿಸುವ ಆಟ ಎನಿಸಿತು. ಅವರು ಓದಿಸಿಕೊಂಡು ಸುಮ್ಮನೆ ಸಹಿ ಹಾಕಿದ್ದು, ಬಾಗಿಲು ಹಿಡಿದು ಏನೋ ಅಂದದ್ದು, ಕುರಿಗಳ ಸದ್ದಿನ ನಡುವೆ ಫೋನಿನಲ್ಲಿ ಅವಸರ ಮಾಡಿದ್ದು, ಎಲ್ಲ ಒಂದೇ ಸಾಲಿನಲ್ಲಿ ನಿಂತವು. ಸೋದರಮಾವನ ಮಗನಿಗೆ ಫೋನು ಮಾಡಿ, ಆ ಗೋದಾಮಿನವನನ್ನು ಹುಕ್ಕೇರಿಗೆ ಕರೆಸು, ಮಾತಾಡೋಣ ಎಂದೆ. ಕರಾರು ಮುರಿಯುವ ಮಾತನ್ನು ಮುಖ ನೋಡಿ ಹೇಳಬೇಕು ಎಂದು ಮರುದಿನ ಬೆಳಿಗ್ಗೆ ಮೂಡಲಗಿಯ ಬಸ್ಸು ಹತ್ತಿದೆ.

ಕಾಕಾನ ಮನೆ ಮುಂದೆ ಬೇಲಿ ಹಾಕಿದ ಅಂಗಳ. ಕಾಕಾ ಒಂದು ಟಗರಿನ ಗೊರಸು ಹಿಡಿದು ನೋಡುತ್ತಿದ್ದರು. ನನ್ನನ್ನು ನೋಡಿದವರು ಎದ್ದು ಬರಲಿಲ್ಲ. ಅವರ ಹೆಂಡತಿ ಮಾತ್ರ ಹೊರಸಿನ ಮೇಲೆ ಕಂಬಳಿ ಹಾಸಿ, “ಕುಂಡರ್ರಿ” ಎಂದರು.

“ಕರಾರ ಮುರದ ಬಿಡಾಕ ಬಂದ್ರಿ?” ಎಂದರು ಕಾಕಾ, ಗೊರಸು ಬಿಡದೆ.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. “ಎರಡ ಸಲ ವಾಪಸ್ ಬಂದೈತಿ ಕಾಕಾ. ನಾ ಏನ ತಿಳ್ಕೋಬೇಕು?”

“ನಾ ಏನ ತಿಳ್ಕೋಬೇಕು ಅದನ್ನ ಹೇಳ್ರಿ. ಗೋದಾಮ ಕಟ್ಟಾಂವ ಒಬ್ಬಾಂವ ಹೊಲಾ ನೋಡಿ ಹೋಗ್ಯಾನ ಅಂತ ಘೋಡಗೇರ್ಯಾಗ ಮಾತೈತಿ. ನಿಮ್ಮ ಮಾವನ ಮಗಾನ ತೋರಿಸ್ಯಾನಂತ. ಫೋನ್ ಮಾಡಿ ಹಾಕ್ರಿ ಅಂದ್ನಿ, ಮಾಡ್ಲಿಲ್ಲ. ರೊಕ್ಕ ಇಲ್ಲಾಗ ನೋಡಿ ಹಾಕಿದ್ರಿ.”

“ನಿಮ್ಮ ಖಾತೇದಾಗ ರೊಕ್ಕ ಇಲ್ಲಂತ ನನಗ ಹೆಂಗ ಗೊತ್ತಾಗ್ಬೇಕು?”

“ಓದಿದಾವ್ರು. ನಿಮಗ ಏನ ಗೊತ್ತಾಗೂದಿಲ್ಲ?”

ಅವರ ಹೆಂಡತಿ ಒಳಗಿಂದಲೇ ಹೇಳಿದರು: “ಇಬ್ರೂ ಒಬ್ರಿಗೊಬ್ರು ಕಳ್ಳ ಅನಕೋತ ಕುಂತ್ರ ಚಾ ಆರತೈತಿ.”

ಚಹಾ ಬಂತು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅವರ ಬಾಯಿಂದಲೇ ನನ್ನ ಮೇಲೆ ಬಂದಿದ್ದವು. ಮೊದಲ ಸಲ ಬೇಕೆಂದೇ ಹಾಗೆ ಹಾಕಿದ್ದಲ್ಲ ಎಂದು ಆಣೆ ಮಾಡಿ ಹೇಳಲು ಹೊರಟವನು ಚಹಾದ ಕಪ್ಪು ಎತ್ತಿಕೊಂಡೆ. ಬಾಗಿಲ ಬಳಿ ಅವರು ಹೇಳಿದ್ದು ನನಗೆ ನೆನಪಿರಲಿಲ್ಲ. ನೆನಪಿಲ್ಲ ಎಂದರೆ ಅವರು ಹೇಳಲಿಲ್ಲ ಎಂದಾಗುವುದಿಲ್ಲ.

“ಎರಡನೇ ಸಲ ಎಷ್ಟ ತುಂಬಿದ್ರಿ?” ಎಂದೆ.

“ಚೆಕ್ಕಿನ್ಯಾಗ ಎಷ್ಟೈತಿ ಅಷ್ಟ. ಒಂದ ರೂಪಾಯಿ ಕಮ್ಮಿ ಇಲ್ಲ.”

“ಜಾಸ್ತಿ?”

“ಜಾಸ್ತಿ ಯಾಕ ಹಾಕ್ಲಿ? ರೊಕ್ಕ ಬ್ಯಾಂಕಿನ್ಯಾಗ ಮಲಗಿದ್ರ ಮರಿ ಹಾಕತೈತೇನು? ಯಾವಾಗ್ಲೂ ಹಂಗ. ಚೆಕ್ಕಿನಷ್ಟ ತುಂಬೂದು, ಅದು ಹೋಗೂದು, ಖಾತೆ ಖಾಲಿ.”

ಇಲ್ಲಿನ ಕುರಿ ವ್ಯಾಪಾರವೆಲ್ಲ ನಗದಿನಲ್ಲೇ. ಕೈಗೆ ಬಂದದ್ದು ಮುಂದಿನ ಸಂತೆಯಲ್ಲಿ ಮತ್ತೆ ಕುರಿಯಾಗುತ್ತದೆ. ಅವರಿಗೆ ಖಾತೆ ಎಂದರೆ ಚೆಕ್ಕು ದಾಟಿಸುವ ಒಂದು ಕಾಲುವೆ. ಇದು ನನಗೆ ಗೊತ್ತಿದ್ದದ್ದೇ. ಆದರೂ ಅಂಥ ಖಾಲಿ ಖಾತೆಗೆ ದಂಡ ಬಿದ್ದರೆ ಏನಾಗುತ್ತದೆ ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

“ಮತ್ತ ನಿಮ್ಮ ದಂಡ?” ಎಂದೆ.

“ನನಗ್ಯಾತರ ದಂಡ? ದಂಡ ನಿಮಗ ಬಿತ್ತು. ನೀವ ಹೇಳಿದ್ರಿ ಫೋನಿನ್ಯಾಗ.”

ಹೌದು, ಅಷ್ಟನ್ನೇ ಹೇಳಿದ್ದೆ. ನನ್ನ ದಂಡದ ದುಃಖವನ್ನು ಹೇಳಿಕೊಂಡಿದ್ದೆ. ಕೌಂಟರಿನವಳು ಹೇಳಿದ ಇನ್ನೊಂದು ಅರ್ಧವನ್ನು, ಚೆಕ್ಕು ಕೊಟ್ಟವರಿಗೂ ಬೀಳುತ್ತದೆ ಎಂಬುದನ್ನು, ಹೇಳಿದೆನೇ? ಹೇಳಿದ ನೆನಪಿಲ್ಲ. ಒಂದು ತಪ್ಪಿಗೆ ಒಬ್ಬರಿಗೇ ದಂಡ ಎಂದು ಕಾಕಾ ತಿಳಿದಿದ್ದರು, ಅದು ನನಗೆ ಬಿದ್ದಾಗಿತ್ತು. ಬ್ಯಾಂಕಿನಿಂದ ಏನಾದರೂ ಸಂದೇಶ ಬಂತೇ ಎಂದು ಕೇಳಿದೆ.

“ದಿನಾ ಬರ್ತಾವ. ಇಂಗ್ಲಿಷ್‌ನ್ಯಾಗ. ಸಾಲಾ ತಗೋ ಅಂತಿರತಾರ, ಅಳಿಸಿ ಬಿಡ್ತೇನಿ.”

ಇಬ್ಬರೂ ಅವರ ಬ್ಯಾಂಕಿಗೆ ಹೋದೆವು. ಅಷ್ಟು ಹೊತ್ತಿಗೆ ಅಲ್ಲಿ ಏನಾಗಿರುತ್ತದೆ ಎಂದು ನನಗೆ ಗೊತ್ತಾಗಿತ್ತು. ಕಾಕಾಗೆ ಮಾತ್ರ ನನ್ನ ಮೇಲೆ ನಂಬಿಕೆ ಇರಲಿಲ್ಲ, ಬ್ಯಾಂಕಿನವರ ಬಾಯಿಂದಲೇ ಕೇಳಬೇಕು ಎಂದರು. ಕೇಳಿದರು. ಮೊದಲ ಸಲ ವಾಪಸಾದಾಗ ಖಾತೆಯಲ್ಲಿದ್ದ ಚಿಲ್ಲರೆ ದಂಡಕ್ಕೆ ಸಾಲದೆ, ಉಳಿದದ್ದು ಬಾಕಿ ನಿಂತಿತ್ತು. ಕಾಕಾ ಚೆಕ್ಕಿನಷ್ಟು ತುಂಬಿದ ಕೂಡಲೇ ಆ ಬಾಕಿ ಅದರೊಳಗಿಂದ ಹೋಗಿತ್ತು. ಎರಡನೇ ಸಲ ಚೆಕ್ಕು ಬರುವಷ್ಟರಲ್ಲಿ ಅಷ್ಟೇ ಕಮ್ಮಿ ಬಿದ್ದಿತ್ತು. ಕಮ್ಮಿ ಬಿದ್ದದ್ದಕ್ಕೆ ಮತ್ತೊಂದು ದಂಡ.

“ಅಂದ್ರ ಇವ್ರಿಗೂ ದಂಡ, ನನಗೂ ದಂಡ” ಎಂದರು ಕಾಕಾ. “ಇಬ್ಬರ ಜಗಳದಾಗ ಬ್ಯಾಂಕಿನವ ಉಂಡ.”

ಕೌಂಟರಿನವನು ನಕ್ಕ. “ನಿಯಮ ಐತ್ರಿ ಅಜ್ಜಾರ.”

“ನಿಯಮ ಇದ್ದದ್ದ ಐತಿ. ಬಾಯಿಲೆ ಹೇಳಾಕ ಏನಾಗಿತ್ತು?”

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಮಾತು ಮುಗಿದಿತ್ತು, ಅನುಮಾನ ಮುಗಿದಿರಲಿಲ್ಲ. ಅವರು ಖಾತೆಗೆ ಕಮ್ಮಿ ಬಿದ್ದಷ್ಟು ತುಂಬಿ, ಮುಂಗಡದ ಹಣವನ್ನು ನೇರವಾಗಿ ನನ್ನ ಖಾತೆಗೆ ಕಳಿಸುತ್ತೇನೆ ಎಂದರು. ಅದಕ್ಕೆ ಮೊದಲು ಚೆಕ್ಕನ್ನು ವಾಪಸು ಕೊಡಬೇಕು ಎಂದರು. ಹಣ ಬಂದಮೇಲೆ ಕೊಡುತ್ತೇನೆ ಎಂದೆ ನಾನು. ಕಡೆಗೆ ಮತ್ತೆ ಒಳಗೆ ಹೋಗಿ, ಅವರು ಚೀಟಿ ತುಂಬಿಸಿ ಸಹಿ ಹಾಕಿ ಕೌಂಟರಿಗೆ ಕೊಡುವಾಗ ನಾನು ಚೆಕ್ಕನ್ನು ಅವರ ಅಂಗೈಯಲ್ಲಿಟ್ಟೆ. ಯಾರು ಮೊದಲು ಕೈ ಬಿಟ್ಟರು ಎಂದು ಕೇಳಿದರೆ ಹೇಳಲಾರೆ. ಹಣ ನನ್ನ ಖಾತೆಗೆ ಬಂತು. ನನ್ನ ದಂಡವನ್ನು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಸೋದರಮಾವನ ಮಗ ನನ್ನ ಜೊತೆ ಮಾತು ಬಿಟ್ಟ. ಗೋದಾಮಿನವನಿಗೆ ಬರಬೇಡ ಎಂದು ಹೇಳುವ ಕೆಲಸವನ್ನೂ ನನಗೇ ಬಿಟ್ಟ.

ನೋಂದಣಿಯ ದಿನ ಹುಕ್ಕೇರಿಯ ಕಚೇರಿಯಲ್ಲಿ ನಮ್ಮ ಸರದಿಗೆ ಕಾಯುತ್ತ ಕುಳಿತಿದ್ದೆವು. ಕಾಕಾ ಹೊಸ ರುಮಾಲು ಸುತ್ತಿದ್ದರು. ನನ್ನ ಕಡೆ ತಿರುಗದೆ ಕೇಳಿದರು.

“ಒಂದ ಮಾತ ಖರೆ ಹೇಳ್ರಿ ಸರ. ಆ ಇನ್ನೊಬ್ಬಾಂವ ಇದ್ದನೋ ಇಲ್ಲೋ?”

ಇಲ್ಲ ಎನ್ನುವುದು ಸುಲಭವಿತ್ತು. ಒಳಗೆ ಕಾಗದ ಸಿದ್ಧವಾಗಿತ್ತು. ಕಾಕಾ ಎದ್ದು ಹೋದರೆ ನಾನು ಮುಂಗಡ ವಾಪಸು ಕೊಡಬೇಕು, ಅವರ ಹಟ್ಟಿ ಕಟ್ಟುವುದು ಇನ್ನೊಂದು ವರ್ಷಕ್ಕೆ ಹೋಗುತ್ತದೆ.

“ಇದ್ದ” ಎಂದೆ. “ಎರಡನೇ ಸಲ ವಾಪಸ್ ಬಂದಾಗ ಅಂವನ್ನ ಕರಸಂತ ನಾನ ಹೇಳಿದ್ದೆ. ಮೊದಲನೇ ಸಲ ಚೆಕ್ ಹಾಕಿದ್ದು ಅಂವನ್ನ ನೆನಸಿ ಅಲ್ಲ. ಹಂಗಂತ ಅನಸತೈತಿ.”

“ಅನಸತೈತಿ?”

“ಅಷ್ಟ ಹೇಳಬಲ್ಲೆ ಕಾಕಾ.”

“ಇದ್ದ ಅಂತ ಒಪ್ಪಿದ್ರಿ. ಅಂದಮ್ಯಾಲ ಗಾಡಿ ಹತ್ತೂ ಮುಂದ ಅಂದ ನನ್ನ ಮಾತು ನೀವು ಮರತಿದ್ದೂ ಖರೇನ ಇರಬೇಕು” ಎಂದರು. ಆಮೇಲೆ, “ಇರಬೇಕು ಅಂದ್ನಿ” ಎಂದು ಸೇರಿಸಿದರು.

ಒಳಗಿಂದ ನಮ್ಮನ್ನು ಕರೆದರು. ಕಾಕಾ ಎದ್ದು ಧೋತರ ಕೊಡವಿಕೊಂಡು ನನಗಿಂತ ಮುಂದೆ ಹೋಗಿ ಸಹಿ ಹಾಕಿದರು.