ಬಿಟ್ಟುಹೋದ ‘ಎಂದು’

ಜೇವರ್ಗಿಯಲ್ಲಿ ನಾನು ಜೂನಿಯರ್ ವಕೀಲೆಯಾಗಿದ್ದ ಎರಡನೆಯ ವರ್ಷ. ದಿನಾ ಆಳಂದದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಅವಸರದಿಂದ ಬರೆದದ್ದು ಏನು ಮಾಡುತ್ತದೆಂದು ಆಗಲೇ ಕಂಡಿದ್ದೇನೆ.

ಕೊಳಕೂರದ ಹೆಣ್ಣುಮಗಳೊಬ್ಬಳು ನಮ್ಮ ಕಕ್ಷಿದಾರಳು. ಹೊಲಕ್ಕೆ ಹೋಗುವ ಹಾದಿಗೆ ಅವಳ ಭಾವ, ಗಂಡನ ಅಣ್ಣ, ಮುಳ್ಳುಬೇಲಿ ಹಾಕಿದ್ದ. ಹಳ್ಳದ ದಂಡೆ ಹಿಡಿದು ಇನ್ನೊಂದು ಸುತ್ತುಹಾದಿ ಇತ್ತು. ಅದರಲ್ಲಿ ಮನುಷ್ಯರು ಹೋಗಬಹುದು, ಕಾಳು ಒಕ್ಕುವ ರಾಶಿ ಮಷಿನ್ ಹೋಗದು. ತೊಗರಿ ಕಟಾವಿಗೆ ಬಂದಿತ್ತು. ದಾವೆ ಮುಗಿಯುವವರೆಗೆ ಹಾದಿ ಬಿಡಿಸಿಕೊಡಿ ಎಂದು ತಾತ್ಕಾಲಿಕ ತಡೆಯಾಜ್ಞೆ ಕೇಳಿದ್ದೆವು.

ನಮ್ಮ ಸೀನಿಯರ್ ಸಾಹೇಬರಿಗೆ ಒಂದು ರೂಢಿ. ಮೇಲಿನ ಕೋರ್ಟಿನ ತೀರ್ಪು ಎಷ್ಟೇ ಪುಟದ್ದಿರಲಿ, ಅದರ ಸಾರ ಬರೆಯಲು ನನಗೆ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೊಡುತ್ತಿದ್ದರು. ಮೊದಲ ಮನೆಯಲ್ಲಿ ಸಂಗತಿಗಳು, ಎರಡರಲ್ಲಿ ಕೋರ್ಟಿನ ಮುಂದಿದ್ದ ಪ್ರಶ್ನೆ, ಮೂರರಲ್ಲಿ ನಿರ್ಣಯ, ನಾಲ್ಕರಲ್ಲಿ ಕಾರಣ. ಪ್ರತಿ ಸಾಲಿನ ಮುಂದೆ ಪ್ಯಾರಾ ನಂಬರ್. ಕನ್ನಡದಲ್ಲೇ ಬರೆಯಬೇಕು, ಕಕ್ಷಿದಾರರಿಗೂ ಓದಿ ಹೇಳಲು ಬರುತ್ತದೆ ಎಂದು.

ಅಂದು ಕೊಟ್ಟದ್ದು ಹೈಕೋರ್ಟಿನ ಎರಡನೇ ಮೇಲ್ಮನವಿಯ ತೀರ್ಪು, ಇಂಗ್ಲಿಷಿನಲ್ಲಿ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಿದ್ದರು. ತಮ್ಮನ ಹಾದಿ ಬಂದ್ ಆಗಿತ್ತು. ಬೇರೆ ಹಾದಿ ಇದೆ ಎಂಬ ಕಾರಣಕ್ಕೆ ಮೊದಲ ಮೇಲ್ಮನವಿಯಲ್ಲಿ ಅವನು ಸೋತಿದ್ದ. ನಾನು ಮೊದಲು ಕೊನೆಯ ಪುಟ ತೆಗೆದೆ. ಮೇಲ್ಮನವಿ ಪುರಸ್ಕರಿಸಲಾಗಿದೆ. ಅಂದರೆ ತಮ್ಮ ಗೆದ್ದ. ಅಷ್ಟರಲ್ಲೇ ನನ್ನ ಮನಸ್ಸು ಒಂದು ಕಡೆ ವಾಲಿತು.

ಹದಿನಾಲ್ಕನೆಯ ಪ್ಯಾರಾ ಒಂದೂವರೆ ಪುಟದ್ದು. ತಮ್ಮನ ವಕೀಲರು ವಾದಿಸುತ್ತಾರೆ ಎಂಬ ಮಾತು ಅದರ ಮೊದಲ ಸಾಲಿನಲ್ಲಿ ಒಮ್ಮೆ ಮಾತ್ರ ಬರುತ್ತದೆ. ಆಮೇಲಿನ ಸಾಲುಗಳು ಆ ಮಾತಿಲ್ಲದೆ ನಿಂತಿವೆ. ನಾನು ಸಾಲು ಸಾಲಾಗಿ ಕನ್ನಡಕ್ಕೆ ತಂದೆ. ‘ಯಂತ್ರ ಹೋಗಲಾರದ ಸುತ್ತುಹಾದಿ ಇದ್ದರೂ ಅಗತ್ಯದ ಹಕ್ಕು ಅಳಿಯುವುದಿಲ್ಲ.’ ಅಗತ್ಯದ ಹಕ್ಕು ಅಂದರೆ ಬೇರೆ ಹಾದಿಯೇ ಇಲ್ಲದವರಿಗೆ ಕಾನೂನು ಕೊಡುವ ಹಾದಿಯ ಹಕ್ಕು. ಈ ಸಾಲಿನ ಕೊನೆಗೆ ‘ಎಂದು ವಾದಿಸಿದರು’ ಎಂದು ಬರೆಯಬೇಕಿತ್ತು. ಬರೆಯಲಿಲ್ಲ. ನಮ್ಮ ಪ್ರಕರಣಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮೂರನೆಯ ಮನೆಗೆ, ಕೋರ್ಟಿನ ನಿರ್ಣಯವೆಂದು, ಹಾಕಿಬಿಟ್ಟೆ.

ಕೋರ್ಟಿನಲ್ಲಿ ಸಾಹೇಬರು ನನ್ನ ಹಾಳೆ ನೋಡಿ ಹದಿನಾಲ್ಕನೆಯ ಪ್ಯಾರಾ ಹೇಳಿದರು. ಎದುರು ಪಕ್ಷದ ವಕೀಲರು ತೀರ್ಪಿನ ಪ್ರತಿಯ ಮೇಲೆ ಬೆರಳಿಟ್ಟುಕೊಂಡು ಎದ್ದರು.

“ಇದು ಕೋರ್ಟ್ ಹೇಳಿದ್ದಲ್ಲರಿ, ವಕೀಲರು ಹೇಳಿದ್ದು. ನಾವೂ ದಿನಾ ಏನೇನೋ ಹೇಳ್ತೇವಲ್ರಿ, ಅದೆಲ್ಲಾ ತೀರ್ಪಾದ್ರ ಭಾಳ ಚಲೋ ಇರ್ತಿತ್ತು!”

ಹಿಂದಿನ ಬೆಂಚಿನಲ್ಲಿ ನಕ್ಕರು. ಅವರು ಹತ್ತೊಂಬತ್ತನೆಯ ಪ್ಯಾರಾ ಓದಿದರು: ಅನನುಕೂಲ ಬೇರೆ, ಅಗತ್ಯ ಬೇರೆ, ಇನ್ನೊಂದು ಹಾದಿ ಇದ್ದರೆ ಅಗತ್ಯದ ಹಕ್ಕು ನಿಲ್ಲದು.

ನ್ಯಾಯಾಧೀಶರು ಕೇಳಿದರು, “ಮತ್ತೇನಾದರೂ ಹೇಳುವುದಿದೆಯೇ?”

ಸಾಹೇಬರು ನನ್ನ ಹಾಳೆಯನ್ನು ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. “ಇಲ್ಲ ಸ್ವಾಮಿ,” ಎಂದರು.

ಎರಡು ದಿನಕ್ಕೆ ಅರ್ಜಿ ವಜಾ ಆಯಿತು.

ಆಫೀಸಿನಲ್ಲಿ ಸಾಹೇಬರು ಕೂಗಾಡಲಿಲ್ಲ. “ಬೇಟಾ, ‘ಅಂತ’ ಎಲ್ಲಿ ಹೋತು?” ಎಂದು ಕೇಳಿ ಹೊಸ ಹಾಳೆ ಮಡಚಿ ಕೊಟ್ಟರು. “ತಮ್ಮನ ವಾದ ಕೋರ್ಟ್ ಒಪ್ಪಿಲ್ಲಂದ್ರ ತಮ್ಮ ಹ್ಯಾಂಗ ಗೆದ್ದ? ಅದನ್ನ ಹುಡುಕು.”

ಹುಡುಕಿದೆ. ಕೋರ್ಟಿನ ಮುಂದಿದ್ದದ್ದು ಎರಡು ಪ್ರಶ್ನೆ, ನಾನು ಬರೆದದ್ದು ಒಂದು. ಎರಡನೆಯದು ಇಪ್ಪತ್ತೆರಡನೆಯ ಪ್ಯಾರಾದಲ್ಲಿತ್ತು: ಪಾಲುಪತ್ರದಲ್ಲಿಯೇ ಹಾದಿ ಬರೆದುಕೊಟ್ಟಿದ್ದರೆ ಅದು ಕೊಟ್ಟ ಹಕ್ಕು, ಬೇರೆ ಹಾದಿ ಇದೆ ಎಂದು ಅಳಿಯುವುದಿಲ್ಲ. ತಮ್ಮ ಗೆದ್ದದ್ದು ಇದರ ಮೇಲೆ. ಪಾಲುಪತ್ರದ ಆ ಸಾಲನ್ನು ನಾನು ಸಂಗತಿಗಳ ಮನೆಯಿಂದ, ಬೇಡದ ವಿವರವೆಂದು, ನನ್ನ ಕೈಯಾರೆ ಹೊಡೆದುಹಾಕಿದ್ದೆ.

ಮರುದಿನ ಕಕ್ಷಿದಾರಳು ಬಂದಾಗ ಹೊಸ ಹಾಳೆಯನ್ನು ಓದಿ ಹೇಳಿದೆ. ಮೊದಲ ಮನೆಯಲ್ಲಿ ಪಾಲುಪತ್ರ ಬಂದ ಕೂಡಲೇ ತಡೆದಳು.

“ನಮ್ಮ ವಾಟ್ನಿ ಕಾಗದದಾಗೂ ಹಾದಿ ಬರದಾರಲ್ರಿ ಮೇಡಂ. ಮೂಡಲ ಬದುವಿನ ಗುಂಟ ಅಂತ. ಕೊಟ್ಟಿದ್ನಲ್ರಿ?”

ಕೊಟ್ಟಿದ್ದಳು. ದಾವೆಯಲ್ಲಿ ಆ ಮಾತೂ ಇತ್ತು, ಪಾಲಿನ ಆ ಕಾಗದವೂ ಫೈಲಿನಲ್ಲಿತ್ತು. ವಾದದಲ್ಲಿ ಮಾತ್ರ ಇರಲಿಲ್ಲ.

“ಮತ್ತ ಜಡ್ಜ್ ಸಾಹೇಬ್ರಿಗೆ ಹೇಳಲಿಲ್ಲೇನ್ರಿ?”

“ಇಲ್ಲ. ತಪ್ಪು ನನ್ನದು.”

ಅವಳು ಬೈದಿದ್ದರೆ ಸುಲಭವಾಗುತ್ತಿತ್ತು. “ಅಪೀಲಿಗೆ ಎಷ್ಟ್ ದಿನಾ ಆಗ್ತದ್ರಿ? ತೊಗರಿ ನಿಲ್ಲಂಗಿಲ್ಲ,” ಎಂದಳಷ್ಟೇ.

ಅಪೀಲು ಹಾಕಿದೆವು. ಅದು ವಿಚಾರಣೆಗೆ ಬರುವ ಮೊದಲೇ ಆಳುಗಳು ತೊಗರಿ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಹಳ್ಳದ ದಂಡೆಗುಂಟ ರಸ್ತೆಗೆ ತಂದು ಹಾಕಿದರು. ರಾಶಿ ಅಲ್ಲೇ ಆಯಿತು. ಅಪೀಲಿನ ಫೈಲಿನಲ್ಲಿ ನನ್ನ ಎರಡನೆಯ ಹಾಳೆ ಇದೆ. ಹದಿನಾಲ್ಕನೆಯ ಪ್ಯಾರಾದಿಂದ ತಂದ ಏಳೂ ಸಾಲುಗಳ ಕೊನೆಗೆ ‘ಎಂದು ವಾದಿಸಿದರು’ ಎಂದು ಬರೆದಿದ್ದೇನೆ. ಏಳು ಸಲ.