ಮಲಗಿಸಬಾರದ ಕಲಶ

ಮೊಮ್ಮಗಳ ಅಂಗಡಿ ತುರುವೇಕೆರೆಯಲ್ಲಿದೆ. ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಪದರದ ಮೇಲೆ ಪದರ ಎಳೆದು ಗೊಂಬೆ ಮಾಡುವ ಮಿಷನ್ನು ಇಟ್ಟಿದ್ದಾಳೆ. ಅವಳಿಗೆ ಊಟ ತಂದು ಕೊಟ್ಟು ಸಾಯಂಕಾಲದ ಬಸ್ಸಿನವರೆಗೂ ನಾನು ಅಲ್ಲೇ ಕೂರುತ್ತೇನೆ. ಓದು ನನಗೆ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಚೆನ್ನಾಗಿದೆ.

ಸಂಪಿಗೆ ಊರಿನ ಕಡೆಯ ಹೆಂಗಸೊಬ್ಬಳು ಗೃಹಪ್ರವೇಶಕ್ಕೆ ಬಂದವರಿಗೆ ಕೊಡಲು ಪುಟ್ಟ ಕಲಶಗಳನ್ನು ಮಾಡಲು ಹೇಳಿದ್ದಳು. ಹಳದಿ ಚೊಂಬು, ಹಸಿರು ಎಲೆ, ಕಂದು ತೆಂಗಿನಕಾಯಿ, ಚೊಂಬಿಗೆ ಬಿಳಿಯಲ್ಲಿ ಮನೆಯ ಹೆಸರು. ಮೊಮ್ಮಗಳು ನಿಲ್ಲಿಸಿಯೇ ಮಾಡಲು ಶುರು ಮಾಡಿದಳು. ಕಲಶ ಅಂದ ಮೇಲೆ ನಿಂತಿರಬೇಕಲ್ಲ.

ಆಗ ನೋಡಿದೆ, ಮಿಷನ್ನಿನ ಹಿಂದೆ ಬಣ್ಣಬಣ್ಣದ ಸುರುಳಿಗಳ ರಾಶಿ. ಕೋಳಿ ಹಿಕ್ಕೆ ಹಾಕಿದ ಹಾಗೆ ಒಂದೊಂದೇ ಉದುರುತ್ತಿತ್ತು.

“ಇದೇನೇ ಇದು? ಕಲಶಕ್ಕಿಂತ ಕಸನೇ ಜಾಸ್ತಿ ಐತಲ್ಲೇ!”

“ಬಣ್ಣ ಬದಲಾಯಿಸೋವಾಗ ಹಂಗೇ ಕಣಜ್ಜಿ. ದಾರ ಕರಗಿ ಬರೋ ಮೂತಿ ಒಂದೇ, ಬಣ್ಣ ನಾಕು. ಹಸಿರು ಎಳೆದ ಮೂತಿಯಿಂದ ಬಿಳಿ ಬರಬೇಕು ಅಂದ್ರೆ, ಒಳಗಿರೋ ಹಸಿರು ಹೋಗೋವರೆಗೂ ಬಿಳಿನ ಸುರೀಬೇಕು.”

“ಎಷ್ಟು ಸಲ?”

“ಒಂದೊಂದು ಪದರದಾಗೂ ಎರಡು ಮೂರು ಬಣ್ಣ ಐತಲ್ಲ. ಅಷ್ಟೂ ಸಲ.”

ನಮ್ಮ ಮನೆಯಲ್ಲಿ ಕಾಯಿ ಸುಲಿದರೆ ಮಟ್ಟೆ ನೀರೊಲೆಗೆ, ಚಿಪ್ಪು ಕೊಳ್ಳುವವನಿಗೆ. ಈ ಸುರುಳಿಯನ್ನು ಉರಿಸಲೂ ಬಾರದು, ಕೊಳ್ಳುವವರೂ ಇಲ್ಲ. ಬಣ್ಣ ಬೆರೆತಿದ್ದರಿಂದ ಅವಳಿಗೂ ಕೆಲಸಕ್ಕೆ ಬಾರದು.

ಆಮೇಲೆ ಅವಳ ಮುಖ ಸಣ್ಣದಾಯಿತು. ಬಿಳಿ ದಾರದ ಉರುಳೆ ತಳ ಕಾಣುತ್ತಿತ್ತು. ಕಲಶದ ಮೇಲಿದ್ದ ಬಿಳಿ ನಾಲ್ಕಕ್ಷರವಷ್ಟೆ, ಮಿಕ್ಕದ್ದೆಲ್ಲ ಮೂತಿ ತೊಳೆಯಲು ಹೋಗಿತ್ತು. ಅಷ್ಟು ಹೊತ್ತಿಗೆ ಆಗಿದ್ದದ್ದು ಒಂದು ಹಿಡಿಯಷ್ಟು ಕಲಶ. ಹೊಸ ಉರುಳೆ ಕೊರಿಯರ್‌ನಲ್ಲಿ ಬರುವುದು ಗೃಹಪ್ರವೇಶ ಮುಗಿದ ಮೇಲೆ. ಅಂಗಡಿಗೆ ಬಂದ ಮೊದಲ ದೊಡ್ಡ ಕೆಲಸ ಅದು. ಕೈಕೊಟ್ಟರೆ ಸಂಪಿಗೆ ಕಡೆಯಿಂದ ಇನ್ನೊಬ್ಬರು ಬರುವುದಿಲ್ಲ.

ನಾನು ಸಮಾಧಾನದ ಮಾತಾಡಲಿಲ್ಲ. “ಅತ್ತರೆ ದಾರ ಉದ್ದ ಆಗಲ್ಲ, ದಾರಿ ಹುಡುಕು” ಅಂದೆ.

ಅವಳು ಕಂಪ್ಯೂಟರಿನ ಮುಂದೆ ಕೂತು ತುಂಬಾ ಹೊತ್ತು ಏನೇನೋ ತಿರುಗಿಸಿದಳು. ಕೊನೆಗೆ ಮೆಲ್ಲಗೆ ಅಂದಳು, “ಮಲಗಿಸಿದ್ರೆ ಆಯ್ತದೆ ಅಜ್ಜಿ. ಬಿಲ್ಲೆ ಥರ ಚಪ್ಪಟೆ ಕಲಶ. ತಳಕ್ಕೆಲ್ಲ ಕಂದು, ಅದರ ಮೇಲೆ ಹಳದಿ, ಅದರ ಮೇಲೆ ಹಸಿರು, ಕೊನೆಗೆ ಬಿಳಿ. ಒಂದು ಬಣ್ಣ ಪೂರ್ತಿ ಮುಗಿದ ಮೇಲೆ ಇನ್ನೊಂದು. ಬದಲಾಗೋದು ಮೂರೇ ಸಲ. ಒಂದು ಮಾಡಿದ್ರೂ ಅಷ್ಟೇ ಕಸ, ಮಿಷನ್ನಿನ ತಟ್ಟೆ ತುಂಬ ಜೋಡಿಸಿ ಮಾಡಿದ್ರೂ ಅಷ್ಟೇ ಕಸ.”

“ಮತ್ತೆ ಮಾಡು.”

“ಕಲಶ ಮಲಗಿಸ್ತಾರಾ ಅಜ್ಜಿ?”

ನನಗೂ ಅದು ಸರಿಕಾಣಲಿಲ್ಲ. ಹೆಂಗಸನ್ನು ಕೇಳದೆ ಮಾಡುವುದು ಬೇಡವೆಂದು ಫೋನು ಮಾಡಿಸಿದೆ. ಅವಳು ಆವತ್ತೇ ಬಂದಳು, ನಿಂತೇ ಮಾತಾಡಿದಳು.

“ಅಲ್ಲ ಕಣಮ್ಮ, ಹೊಸಾ ಮನೆಗೆ ಮಲಗಿಸಿದ ಕಲಶ ಕೊಡ್ತೀಯಾ? ನಮ್ಮತ್ತೆ ಸುಮ್ನಿರ್ತಾರಾ?”

ನಾನೇ ಹೇಳಿದೆ, “ನೋಡವ್ವ, ನಿಮ್ಮನೆ ಹಿತ್ತಾಳೆ ಚೊಂಬನ್ನ ಕಂಚುಗಾರ ನಿಲ್ಲಿಸ್ಕೊಂಡೇ ತಟ್ಟಿದ್ನಾ? ಹೊರಳಿಸಿ, ಮಗುಚಿ, ಎಲ್ಲಾ ಮಾಡಿರ್ತಾನೆ. ನೀರು ತುಂಬಿ ಇಟ್ಟಾಗ ನಿಂತಿರಬೇಕು ಅಷ್ಟೇ.”

“ಇದು ನಿಂತ್ಕೊಳ್ತದಾ?”

“ಕಾಲು ಬೇರೆ ಮಾಡ್ತೀನಿ ಅಕ್ಕ, ಒಂದೇ ಬಣ್ಣದಾಗೆ, ಅದಕ್ಕೆ ಕಸನೇ ಇಲ್ಲ. ಸಿಕ್ಕಿಸಿದ್ರೆ ನಿಂತ್ಕೊಳ್ತದೆ,” ಅಂದಳು ಮೊಮ್ಮಗಳು.

ಹೆಂಗಸು ನನ್ನ ಮುಖ ನೋಡಿದಳು. “ನಿಮ್ಮಜ್ಜಿ ಬಾಯಿ ಜೋರು ಕಣಮ್ಮ. ಮಾಡು. ನಿಲ್ಲದಿದ್ರೆ ಮಾತ್ರ ನಾನು ತಗೊಳ್ಳಲ್ಲ.”

ಮೊಮ್ಮಗಳು ಸುರಿಯುವ ಲೆಕ್ಕವನ್ನೂ ಸ್ವಲ್ಪ ತಗ್ಗಿಸಿದಳು. ಹಳದಿಯ ಹಿಂದೆ ಬರುವ ಹಸಿರಿಗೆ ಅಷ್ಟು ತೊಳೆಯಬೇಕಿಲ್ಲವಂತೆ, ಗಾಢ ಬಣ್ಣ ತಿಳಿ ಬಣ್ಣವನ್ನು ನುಂಗಿಬಿಡುತ್ತದೆ. ಹಸಿರಿನ ಹಿಂದೆ ಬರುವ ಬಿಳಿಯ ಲೆಕ್ಕಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಅಲ್ಲಿ ಜಿಪುಣತನ ಮಾಡಿದರೆ ಅಕ್ಷರಕ್ಕೆ ಪಾಚಿ ಹಿಡಿದಂತೆ ಕಾಣುತ್ತದೆ.

ಕೊನೆಯ ತಟ್ಟೆಗೆ ಬಿಳಿ ಹತ್ತಿದಾಗ ಉರುಳೆಯ ಮೇಲೆ ಕೆಲವೇ ಸುತ್ತು ದಾರ. ಅವಳು ಉಗುರು ಕಚ್ಚುತ್ತಾ ನಿಂತಿದ್ದಳು. “ಕಚ್ಚಬೇಡ, ಅದೇನು ಬಿಳಿ ದಾರಾನಾ ಸೇರಿಸಾಕೆ?” ಅಂದೆ. ನನ್ನ ಬಸ್ಸು ಹೋಯಿತು, ನಾನು ಏಳಲಿಲ್ಲ. ಮಿಷನ್ನು ನಿಂತಾಗ ಉರುಳೆಯಲ್ಲಿ ನನ್ನ ಮೊಳಕ್ಕೂ ಸಾಲದ ತುಂಡು ಉಳಿದಿತ್ತು.

ಮಾರನೆಯ ದಿನ ಆ ಹೆಂಗಸು ಕಾಲು ಸಿಕ್ಕಿಸಿ ಒಂದನ್ನು ಮೇಜಿನ ಮೇಲೆ ಇಟ್ಟಳು. ಬೆರಳಿಂದ ಮೆಲ್ಲಗೆ ತಳ್ಳಿದಳು, ಬೀಳಲಿಲ್ಲ. ಇನ್ನೊಂದನ್ನೂ ತಳ್ಳಿ ನೋಡಿದಳು.

“ನಿಂತೈತೆ ಬುಡು,” ಅಂದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡಳು.

ಮೊದಲ ದಿನದ ಸುರುಳಿಗಳನ್ನು ಮೊಮ್ಮಗಳು ದೊಡ್ಡ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದಾಳೆ. ಯಾಕೆಂದು ಕೇಳಿದರೆ, ಯಾರಾದರೂ ನಿಲ್ಲಿಸಿಯೇ ಮಾಡು ಅಂತ ಹಟ ಹಿಡಿದರೆ ತೋರಿಸುವುದಕ್ಕಂತೆ. ಆಮೇಲೆ ಆ ಡಬ್ಬಿಗೆ ಬಿದ್ದ ಬಿಳಿ ಸುರುಳಿ ಬಹಳ ಕಡಿಮೆ.